ಫೋನ್ ಹೋದರೂ ಉಳಿಯಬೇಕಾದ ಒಂದು ಚೀಟಿ

ಪುಣೆಗೆ ಬಂದು ಹನ್ನೊಂದು ವರ್ಷವಾದರೂ ಶನಿವಾರ ರಾತ್ರಿ ಹುಬ್ಬಳ್ಳಿಯ ಗೆಳೆಯರ ಜೊತೆ ಡೋಟಾ ಆಡುವುದನ್ನು ನಾನು ಬಿಟ್ಟಿಲ್ಲ. ಆ ಆಟವಿರುವುದು ಸ್ಟೀಮ್ ಖಾತೆಯಲ್ಲಿ. ಕಳೆದ ತಿಂಗಳು ಆಟೋದಲ್ಲಿ ಫೋನ್ ಬಿಟ್ಟಿಳಿದೆ. ಅದೇ ವಾರ ಲ್ಯಾಪ್‌ಟಾಪನ್ನೂ ಬದಲಿಸಿದ್ದೆ. ಹೊಸದರಲ್ಲಿ ಪಾಸ್‌ವರ್ಡ್ ಹಾಕಿದರೆ, ಸ್ಟೀಮ್ ಆ್ಯಪ್‌ನಲ್ಲಿ ಬರುವ ಕೋಡ್ ಕೊಡಿ ಎಂದಿತು. ಆ್ಯಪ್ ಇದ್ದದ್ದು ಆ ಫೋನಿನಲ್ಲೇ!

ಈ ಕೋಡ್ ಐದು ಅಕ್ಷರಗಳದ್ದು, 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಫೋನಿನೊಳಗೆ ಬಚ್ಚಿಟ್ಟ ಒಂದು ಗುಟ್ಟು ಮತ್ತು ಆ ಕ್ಷಣದ ಸಮಯ, ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅದು ಸಿಗುತ್ತದೆ. ಹಾಗಾಗಿ ಹೊಸ ಫೋನಿಗೆ ಆ್ಯಪ್ ಇಳಿಸಿಕೊಂಡ ಮಾತ್ರಕ್ಕೆ ಕೋಡ್ ಬರುವುದಿಲ್ಲ. ಆ ಗುಟ್ಟು ಹಳೆಯದರ ಜೊತೆಗೇ ಹೋಗಿರುತ್ತದೆ.

ಅದೇ ನಂಬರಿಗೆ ಎಸ್ಸೆಮ್ಮೆಸ್ ತರಿಸಿಕೊಂಡು ಬಿಡಿಸಿಕೊಳ್ಳಬಹುದು. ಆದರೆ ನಮ್ಮಲ್ಲಿ ಬದಲಿ ಸಿಮ್ ಪಡೆದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ನಿಂತಿರುತ್ತದೆ. ಕದ್ದವರು ಸಿಮ್ ಬದಲಿಸಿ ಬ್ಯಾಂಕಿನ ಒಟಿಪಿ ಪಡೆಯಬಾರದೆಂದು ಮಾಡಿದ ನಿಯಮವದು. ಕರೆ ಬರುತ್ತದೆ, ಒಟಿಪಿ ಬರುವುದಿಲ್ಲ. ಸಿಮ್ ಕೆಟ್ಟಿದೆಯೆಂದು ಮತ್ತೆ ಅಂಗಡಿಗೆ ಓಡಬೇಡಿ.

ನನ್ನನ್ನು ಉಳಿಸಿದ್ದು ಒಂದು ರಿಕವರಿ ಕೋಡ್: R ಅಕ್ಷರ, ಮುಂದೆ ಐದು ಅಂಕಿ. ಆ್ಯಪ್‌ನಲ್ಲಿ Steam Guard ಹಾಕಿಕೊಳ್ಳುವಾಗ ಇದನ್ನು ಒಮ್ಮೆ ತೋರಿಸುತ್ತಾರೆ. ನಾನು ಸ್ಕ್ರೀನ್‌ಶಾಟ್ ತೆಗೆದು ಸುಮ್ಮನಾಗಿದ್ದೆ. ಆಗ ಗೆಳೆಯ ಬೈದಿದ್ದ: "ಲೇ, ಫೋನ ಕಳದ್ರ ಆ ಫೋಟೋ ಎಲ್ಲಿ ನೋಡ್ತಿ?" ಬೈಸಿಕೊಂಡ ಮೇಲೆ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ.

ಲಾಗಿನ್ ಪುಟದಲ್ಲಿ ಆ್ಯಪ್ ಕೈಯಲ್ಲಿಲ್ಲ ಎಂಬ ದಾರಿ ಹಿಡಿದು, ಫೋನ್ ಕಳೆದಿದೆ ಎಂದು ಆರಿಸಿ, ಆ ಕೋಡ್ ಹಾಕಿದೆ. ಹಳೆಯ ಫೋನಿನ ನಂಟು ಕಡಿದು ಖಾತೆ ತೆರೆಯಿತು. ತಕ್ಷಣ ಪಾಸ್‌ವರ್ಡ್ ಬದಲಿಸಿದೆ. ಮರುದಿನ ಎಸ್ಸೆಮ್ಮೆಸ್ ಬರತೊಡಗಿದ ಮೇಲೆ ಹೊಸ ಫೋನಿನಲ್ಲಿ Steam Guard ಹಾಕಿಕೊಂಡೆ. ಆಗ ಹೊಸ ಕೋಡ್ ಕೊಟ್ಟರು. ಹಳೆಯದು ಇನ್ನು ನಡೆಯದು, ಹೊಡೆದುಹಾಕಿ ಪಕ್ಕದಲ್ಲೇ ಹೊಸದನ್ನು ಬರೆದೆ.

ಒಂದು ತೊಡಕು ಉಳಿಯಿತು. ಹೊಸ ಫೋನಿನಲ್ಲಿ Steam Guard ಹಾಕಿ 7 ದಿನ ತುಂಬುವವರೆಗೆ, ಆಟದ ವಸ್ತುಗಳನ್ನು ಇನ್ನೊಬ್ಬರಿಗೆ ಕೊಟ್ಟರೆ ಅವು 15 ದಿನದವರೆಗೆ ತಡೆಯಲ್ಲಿರುತ್ತವೆ. ಖಾತೆ ಕದ್ದವರು ಎಲ್ಲವನ್ನೂ ಸಾಗಿಸಿಬಿಡದಂತೆ ಇಟ್ಟ ಬೇಲಿ ಅದು. ಆಡಲು ಅಡ್ಡಿಯಿಲ್ಲ.

ನಂಬರೂ ಇಲ್ಲ, ಕೋಡೂ ಇಲ್ಲವೆಂದರೆ ಸ್ಟೀಮ್ ಸಪೋರ್ಟಿಗೆ ಬರೆದು, ಆಟ ಕೊಂಡಾಗ ಹಣ ಕಟ್ಟಿದ ವಿವರ ಕೊಟ್ಟು ಖಾತೆ ನಿಮ್ಮದೆಂದು ತೋರಿಸಬೇಕು. ಆ ಪಾವತಿಯ ಇಮೇಲ್‌ಗಳನ್ನು ಅಳಿಸಬೇಡಿ.

ಕೋಡ್ ಬರೆದಿಟ್ಟಿಲ್ಲವೇ? ಫೋನ್ ಕೈಯಲ್ಲಿರುವಾಗಲೇ ಆ್ಯಪ್‌ನ Steam Guard ಪುಟದ ಸೆಟ್ಟಿಂಗ್‌ನಲ್ಲಿ My Recovery Code ತೆರೆಯಿರಿ. ಪೆನ್ನು ಹಿಡಿದುಕೊಂಡೇ ತೆರೆಯಿರಿ.