ಉತ್ತರಕ್ಕೆ ಎಷ್ಟು ದಿನ ಕಾಯಬೇಕು?

ಎರಡು ವರ್ಷಗಳ ಹಿಂದೆ, ಇಂಟರ್ನ್‌ಶಿಪ್‌ನ ಮೊದಲ ಸೋಮವಾರ, ನಮ್ಮ ಐವರು ಪ್ರಶಿಕ್ಷಣಾರ್ಥಿಗಳು ಪಾಠ ಯೋಜನೆ, ಚಾರ್ಟುಗಳ ಸಮೇತ ಒಂದು ಪ್ರೌಢಶಾಲೆಯ ಗೇಟಿನ ಮುಂದೆ ನಿಂತಿದ್ದರು. ಒಳಗೆ ಅವರು ಬರುವ ವಿಷಯ ಯಾರಿಗೂ ಗೊತ್ತಿರಲಿಲ್ಲ. ಮುಖ್ಯ ಶಿಕ್ಷಕಿ ಸೌಜನ್ಯದಿಂದಲೇ ವಾಪಸು ಕಳಿಸಿದರು. ಬೇರೆ ಶಾಲೆ ಹುಡುಕಿ, ವೇಳಾಪಟ್ಟಿ ಹೊಂದಿಸುವಷ್ಟರಲ್ಲಿ ಮೂರು ದಿನ ಹೋಯಿತು. ಆ ಐವರ ಪಾಲಿಗೆ ಅದು ಮೂರು ದಿನಗಳ ತರಗತಿ. ತಪ್ಪು ಅವರದ್ದಲ್ಲ, ಆ ಶಾಲೆಯದ್ದೂ ಅಲ್ಲ. ಶಾಲೆಗಳೊಂದಿಗೆ ಪತ್ರ ವ್ಯವಹಾರ ನೋಡಿಕೊಳ್ಳುತ್ತಿದ್ದ ನನ್ನದು.

ನಾನು ಮೇಲ್ ಕಳಿಸಿ ಸುಮ್ಮನಾಗಿರಲಿಲ್ಲ. ಐದು ದಿನಗಳಲ್ಲಿ ಉತ್ತರ ಬರದಿದ್ದರೆ ನನಗೆ ನೆನಪಿಸುವಂತೆ ಏರ್ಪಾಡು ಮಾಡಿದ್ದೆ. ಎರಡನೇ ದಿನವೇ ಆ ಶಾಲೆಯಿಂದ ಒಂದು ಸಾಲು ಬಂತು: “ಮೇಲ್ ನೋಡಿದ್ದೇನೆ ಮೇಡಂ, ಎಸ್‌ಡಿಎಂಸಿಯಲ್ಲಿ ಕೇಳಿ ತಿಳಿಸುತ್ತೇನೆ.” ಉತ್ತರ ಬಂದದ್ದರಿಂದ ನೆನಪೋಲೆ ತಾನಾಗಿ ರದ್ದಾಯಿತು. ನನ್ನ ಮನಸ್ಸಿನಲ್ಲೂ ಆ ಶಾಲೆಯ ಹೆಸರಿನ ಮುಂದೆ ಸರಿ ಗುರುತು ಬಿತ್ತು. ಅವರು ಮತ್ತೆ ತಿಳಿಸಲಿಲ್ಲ, ನಾನು ಮತ್ತೆ ಕೇಳಲಿಲ್ಲ.

ಆ ವರ್ಷದಿಂದ ಈ ವಿಷಯದಲ್ಲಿ ನನ್ನದೊಂದು ಅಭಿಪ್ರಾಯ ಗಟ್ಟಿಯಾಗಿದೆ. ನೆನಪೋಲೆಯ ಸೌಲಭ್ಯ ಎಣಿಸುವುದು ಮರುಮೇಲ್ ಬಂತೇ ಇಲ್ಲವೇ ಎಂಬುದನ್ನು ಮಾತ್ರ. ನಾವು ಕೇಳಿದ್ದಕ್ಕೆ ಉತ್ತರ ಸಿಕ್ಕಿತೇ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಎಷ್ಟು ದಿನ ಕಾಯಬೇಕು, ಯಾವಾಗ ಕಾಯುವುದು ಮುಗಿಯಿತು ಎಂಬ ಎರಡೂ ತೀರ್ಮಾನ ನಮ್ಮ ಕೈಯಲ್ಲೇ ಇರಬೇಕು. ಇದನ್ನು ಪ್ರಶಿಕ್ಷಣಾರ್ಥಿಗಳಿಗೆ ಅಭ್ಯಾಸ ಬೋಧನೆಯ ಭಾಗವಾಗಿಯೇ ಕಲಿಸಬೇಕು.

ಕಾಯುವುದರ ಬಗ್ಗೆ ನಮ್ಮ ವೃತ್ತಿಗೆ ಗೊತ್ತಿರುವುದು ಕಡಿಮೆಯೇನಲ್ಲ. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳನ್ನು ಸೂಕ್ಷ್ಮ ಬೋಧನೆಯ ಪಾಠದಲ್ಲಿ ನಾವೆಲ್ಲ ಹೇಳುತ್ತೇವೆ. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡು ಅಥವಾ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರಿಸದೆ ಸುಮ್ಮನಿರುವುದು ಕಡಿಮೆಯಾಯಿತು. ಮೇಲ್‌ನಲ್ಲಿ ನಾವು ಮಾಡುವ ತಪ್ಪು ಇದಕ್ಕೆ ತಿರುಗುಮುರುಗು. ಅಲ್ಲಿ ಕಾಯುವುದಕ್ಕೆ ಕೊನೆಯೇ ಇಲ್ಲ. ತರಗತಿಯಲ್ಲಿ ಮಗುವಿನ ಮೌನವನ್ನು “ಗೊತ್ತಿಲ್ಲ” ಎಂದು ಓದಿಬಿಡುವ ನಾವು, ಮುಖ್ಯ ಶಿಕ್ಷಕರ ಮೌನವನ್ನು ಒಮ್ಮೆ “ಒಪ್ಪಿಗೆ” ಎಂದೂ ಒಮ್ಮೆ “ನಿರಾಕರಣೆ” ಎಂದೂ ಓದುತ್ತೇವೆ. ಎಷ್ಟೋ ಸಲ ಅದು ಎರಡೂ ಅಲ್ಲ, ಮೇಲ್ ಇನ್ನೂ ಓದಿಲ್ಲ ಎಂದಷ್ಟೇ ಅರ್ಥ.

ಹಾಗಾದರೆ ಎಷ್ಟು ದಿನ? ಮೂರೋ ಐದೋ ಎಂದು ಅಂದಾಜಿಗೆ ಹಾಕುವುದಕ್ಕಿಂತ, ಉತ್ತರ ನಮಗೆ ಎಂದು ಬೇಕೋ ಆ ದಿನದಿಂದ ಹಿಂದಕ್ಕೆ ಎಣಿಸುವುದು ಸರಿ. 2025ರ ಕ್ಯಾಲೆಂಡರಿನ ಮೇಲೆ ಒಂದು ಲೆಕ್ಕ ಮಾಡಿ ನೋಡೋಣ.

ಇಂಟರ್ನ್‌ಶಿಪ್ ಶುರುವಾಗುವುದು ಡಿಸೆಂಬರ್ 1, ಸೋಮವಾರ ಎಂದುಕೊಳ್ಳಿ. ಯಾವ ಶಾಲೆಗೆ ಯಾರು ಎಂಬ ಪಟ್ಟಿ ಒಂದು ವಾರ ಮೊದಲು, ನವೆಂಬರ್ 24ಕ್ಕೆ ಸಿದ್ಧವಾಗಬೇಕು. ಒಂದು ಶಾಲೆ ಒಪ್ಪದಿದ್ದರೆ ಇನ್ನೊಂದನ್ನು ಕೇಳಲು ಒಂದು ವಾರ ಬೇಕು. ಅಂದರೆ ಮೊದಲ ಶಾಲೆಯ ವಿಷಯ ನವೆಂಬರ್ 17ಕ್ಕೆ ಇತ್ಯರ್ಥವಾಗಬೇಕು. ಅದರೊಳಗೆ ಒಂದು ಮೇಲ್, ಒಂದು ನೆನಪೋಲೆ, ಒಂದು ಫೋನ್ ಕರೆಗೆ ಜಾಗ ಬೇಕು. ಹೀಗಾಗಿ ಮೊದಲ ಮೇಲ್ ನವೆಂಬರ್ 3, ಸೋಮವಾರವೇ ಹೋಗಬೇಕು.

ಇಲ್ಲಿ “ಐದು ದಿನ” ಎಂದು ಯಂತ್ರಕ್ಕೆ ಹೇಳಿದರೆ ನೆನಪಾಗುವುದು ನವೆಂಬರ್ 8ಕ್ಕೆ. ಅಂದು ಎರಡನೇ ಶನಿವಾರ, ಜೊತೆಗೆ ಕನಕದಾಸ ಜಯಂತಿ. ಶಾಲೆಗೆ ರಜೆ, ನಮಗೂ ರಜೆ. ನೆನಪೋಲೆ ಬಂದು ಹಳೆಯ ಮೇಲ್‌ಗಳ ಅಡಿಯಲ್ಲಿ ಮುಳುಗುತ್ತದೆ. ಶಾಲೆಯ ಐದು ಕೆಲಸದ ದಿನ ಎಣಿಸಿದರೆ 4, 5, 6, 7, ಆಮೇಲೆ 10. ಹಾಗಾಗಿ ನೆನಪಿಗೆ ಗೊತ್ತು ಮಾಡಬೇಕಾದದ್ದು 10ರ ಸೋಮವಾರ. ಅಂದು ಎರಡನೇ ಮೇಲ್. ಅದಕ್ಕೆ ಮೂರು ಕೆಲಸದ ದಿನ ಕೊಟ್ಟರೆ 13ರ ಗುರುವಾರ. ಅಂದು ಬೆಳಿಗ್ಗೆಯೇ ಫೋನ್ ಮಾಡಬೇಕು. ಮರುದಿನ ಮಕ್ಕಳ ದಿನಾಚರಣೆ, ಅದರ ಗಡಿಬಿಡಿಯಲ್ಲಿ ನಮ್ಮ ಕರೆಗೆ ಯಾರಿಗೂ ಪುರುಸೊತ್ತಿರುವುದಿಲ್ಲ. ಪ್ರಶಿಕ್ಷಣಾರ್ಥಿ ಶಾಲೆಯ ಕ್ಯಾಲೆಂಡರ್ ಓದಲು ಕಲಿಯಬೇಕಾದದ್ದು ಇಂಥ ಕಡೆಯೇ.

ಇನ್ನು ಯಂತ್ರದ ವಿಷಯ. ನಮ್ಮಲ್ಲಿ ಬಹುತೇಕರು ಬಳಸುವ ಜಿಮೇಲ್‌ನಲ್ಲಿ ಎರಡು ಸೌಲಭ್ಯಗಳಿವೆ, ಎರಡನ್ನೂ ಒಂದೇ ಎಂದುಕೊಳ್ಳುವವರು ಹಲವರು. ಸೆಟ್ಟಿಂಗ್ಸ್‌ನ General ಪುಟದಲ್ಲಿ Nudges ಎಂಬ ಸಾಲಿದೆ. ಅಲ್ಲಿ Suggest emails to follow up on ಎಂಬುದಕ್ಕೆ ಗುರುತು ಹಾಕಿದ್ದರೆ, ಉತ್ತರ ಬಾರದ ಕೆಲವು ಮೇಲ್‌ಗಳು ಕೆಲವು ದಿನಗಳ ಮೇಲೆ ಇನ್‌ಬಾಕ್ಸ್‌ನ ತಲೆಗೆ ತಾವೇ ಬರುತ್ತವೆ. ಯಾವ ಮೇಲ್, ಎಷ್ಟು ದಿನ ಎಂಬುದನ್ನು ತೀರ್ಮಾನಿಸುವುದು ಜಿಮೇಲ್, ನಾವಲ್ಲ. ಬಂದರೆ ಒಳ್ಳೆಯದು, ಆದರೆ ಅದನ್ನು ನಂಬಿ ಕೂರುವಂತಿಲ್ಲ.

ಎರಡನೆಯದು Snooze. ಮೇಲ್ ಕಳಿಸಿದ ಕೂಡಲೇ Sent ಪಟ್ಟಿಗೆ ಹೋಗಿ, ಆ ಮೇಲ್ ತೆರೆದು, ಗಡಿಯಾರದ ಚಿಹ್ನೆ ಒತ್ತಿ, Pick date & time ಆರಿಸಿ, ನಮ್ಮ ಲೆಕ್ಕದ ದಿನಾಂಕ ಹಾಕಬೇಕು. ನವೆಂಬರ್ 10, ಬೆಳಿಗ್ಗೆ 9 ಗಂಟೆ ಎಂದು ಹಾಕಿದರೆ ಆ ಹೊತ್ತಿಗೆ ನಾವು ಕಳಿಸಿದ ಮೇಲ್ ನಮ್ಮದೇ ಇನ್‌ಬಾಕ್ಸ್‌ಗೆ ಬರುತ್ತದೆ. ಇದು ದಿನಾಂಕಕ್ಕೆ ಕಟ್ಟಿದ ನೆನಪು. “ಉತ್ತರ ಬರದಿದ್ದರೆ ಮಾತ್ರ” ಎಂಬ ಷರತ್ತನ್ನು ಇದರಲ್ಲಿ ನಾವು ಹಾಕುವಂತಿಲ್ಲ. ನಡುವೆ ಅದೇ ಎಳೆಗೆ ಉತ್ತರ ಬಂದರೆ ಮೇಲ್ ಆಗಲೇ ಇನ್‌ಬಾಕ್ಸ್‌ಗೆ ಮರಳುತ್ತದೆ, ಕೇಳಿದ್ದು ಸಿಕ್ಕಿರದಿದ್ದರೆ Snooze ಮತ್ತೆ ಹಾಕಬೇಕು. ಆ ಷರತ್ತಿನ ನೆನಪೋಲೆ ಬೇಕಾದವರು ಬೂಮರಾಂಗ್‌ನಂಥ ಹೆಚ್ಚುವರಿ ತಂತ್ರಾಂಶ ಜೋಡಿಸಿಕೊಳ್ಳುತ್ತಾರೆ. ನಾನು ಮೊದಲು ಬಳಸುತ್ತಿದ್ದದ್ದೂ ಅಂಥದ್ದೇ ಒಂದು. ಅದಕ್ಕೆ ನಮ್ಮ ಅಂಚೆಪೆಟ್ಟಿಗೆ ಓದುವ ಅನುಮತಿ ಕೊಡಬೇಕಾಗುತ್ತದೆ. ಪ್ರಶಿಕ್ಷಣಾರ್ಥಿಗಳ ಅಂಕಪಟ್ಟಿ, ಫೋನ್ ನಂಬರು ಓಡಾಡುವ ಕಾಲೇಜಿನ ಮೇಲ್‌ಗೆ ಅದನ್ನು ಜೋಡಿಸುವ ಮೊದಲು ಪ್ರಾಂಶುಪಾಲರನ್ನು ಕೇಳುವುದು ಕ್ಷೇಮ.

ಷರತ್ತಿನ ನೆನಪೋಲೆಯ ಸೊಗಸು ದೊಡ್ಡದೆಂದು ನನಗೂ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಅದು ಎಡವುವುದು ಎರಡು ಕಡೆ. ಒಂದನ್ನು ಆಗಲೇ ಹೇಳಿದೆ, “ನೋಡಿ ತಿಳಿಸುತ್ತೇನೆ” ಎಂಬ ಸಾಲೂ ಅದರ ಲೆಕ್ಕದಲ್ಲಿ ಉತ್ತರವೇ. ಇನ್ನೊಂದು ಇದಕ್ಕೆ ವಿರುದ್ಧ. ಮುಖ್ಯ ಶಿಕ್ಷಕರು ವಾಟ್ಸಾಪ್‌ನಲ್ಲಿ “ಕಳಿಸಿ ಮೇಡಂ” ಎಂದಿರುತ್ತಾರೆ, ಅಥವಾ ಕಚೇರಿಯ ಗುಮಾಸ್ತರು ಬೇರೆ ವಿಳಾಸದಿಂದ ಹೊಸ ಮೇಲ್ ಬರೆದಿರುತ್ತಾರೆ. ಹಳೆಯ ಮೇಲ್‌ನ ಎಳೆಗೆ ಅದು ಸೇರುವುದಿಲ್ಲ. ಯಂತ್ರ “ಉತ್ತರವಿಲ್ಲ” ಎನ್ನುತ್ತದೆ, ನಾವು ಒಪ್ಪಿದವರಿಗೇ ಮತ್ತೆ ಬರೆದು ಮುಜುಗರಪಡುತ್ತೇವೆ. ದಿನಾಂಕಕ್ಕೆ ಕಟ್ಟಿದ ನೆನಪು ಇಷ್ಟು ಜಾಣತನ ತೋರಿಸುವುದಿಲ್ಲ. ಅದು ಬಂದು ಎದುರಿಗೆ ನಿಲ್ಲುತ್ತದೆ, ನಾವೇ ಕಣ್ಣಾಡಿಸಿ “ಕೇಳಿದ್ದು ಸಿಕ್ಕಿತೇ?” ಎಂದು ನೋಡಬೇಕಾಗುತ್ತದೆ. ಒಂದು ನಿಮಿಷದ ಕೆಲಸ. ಆ ನಿಮಿಷ ನನಗೆ ಆ ವರ್ಷ ಮೂರು ದಿನ ಉಳಿಸುತ್ತಿತ್ತು.

ಮರೆತ ಮೇಲ್‌ಗಳಿಗೂ ಒಂದು ಬಲೆ ಬೇಕು. ಪ್ರತಿ ಶುಕ್ರವಾರ ಸಂಜೆ ಜಿಮೇಲ್‌ನ ಹುಡುಕುವ ಜಾಗದಲ್ಲಿ ಇದನ್ನು ಹಾಕಿ ನೋಡುತ್ತೇನೆ:

```
in:sent older_than:5d newer_than:30d
```

ಐದು ದಿನಕ್ಕಿಂತ ಹಳೆಯದಾದ, ಆದರೆ ಒಂದು ತಿಂಗಳೊಳಗೆ ನಾನು ಕಳಿಸಿದ ಮೇಲ್‌ಗಳೆಲ್ಲ ಬರುತ್ತವೆ. ಉತ್ತರ ಬಂದವೂ ಅದರಲ್ಲಿರುತ್ತವೆ. ಮೇಲಿಂದ ಕೆಳಗೆ ಓದಿಕೊಂಡು ಹೋದರೆ Snooze ಹಾಕಲು ಮರೆತದ್ದು ಸಿಗುತ್ತದೆ.

ಪ್ರಶಿಕ್ಷಣಾರ್ಥಿಗಳಿಗೆ ಇದನ್ನೆಲ್ಲ ಹೇಳಿದಾಗ ಪ್ರತಿ ವರ್ಷ ಒಂದು ಆಕ್ಷೇಪ ಬರುತ್ತದೆ. “ದೊಡ್ಡವರಿಗೆ ನಾವು ನೆನಪಿಸುವುದು ಉದ್ಧಟತನ ಅಲ್ವಾ ಮೇಡಂ?” ಈ ಸಂಕೋಚ ಸುಳ್ಳಲ್ಲ, ಅದನ್ನು ನಗೆಯಾಡಬಾರದು. ನಾನು ಹೇಳುವುದಿಷ್ಟು: ದಿನಾಂಕ ಇಟ್ಟುಕೊಂಡದ್ದು ನಮಗಾಗಿ, ಅವರನ್ನು ಹಿಡಿಯಲಿಕ್ಕಲ್ಲ. ಮೊದಲ ಮೇಲ್‌ನಲ್ಲೇ ಆ ದಿನಾಂಕ ಅವರಿಗೂ ಗೊತ್ತಾಗಿದ್ದರೆ ನೆನಪೋಲೆ ಯಾರಿಗೂ ಚುಚ್ಚುವುದಿಲ್ಲ. ಅಂದು ನಮ್ಮವರನ್ನು ವಾಪಸು ಕಳಿಸಿದ ಮುಖ್ಯ ಶಿಕ್ಷಕಿಯ ಬಳಿ ಕ್ಷಮೆ ಕೇಳಲು ಹೋದಾಗ ಅವರು ಹೇಳಿದ ಮಾತು: “ಯಾವತ್ತಿನೊಳಗೆ ಹೇಳಬೇಕು ಅಂತ ನಿಮ್ಮ ಮೇಲ್‌ನಲ್ಲಿ ಇರಲೇ ಇಲ್ಲವಲ್ಲ ಮೇಡಂ. ಸಭೆ ಮುಂದಕ್ಕೆ ಹೋಯಿತು, ಆಮೇಲೆ ಹೇಳಿದರಾಯಿತು ಅಂದುಕೊಂಡೆ.” ಅವರದ್ದು ಅಲಕ್ಷ್ಯವಾಗಿರಲಿಲ್ಲ. ಪ್ರಶ್ನೆಯೇ ಅರ್ಧ ಇತ್ತು.

ಎರಡನೇ ಮೇಲ್ ಹೊಸದಾಗಿ ಬರೆಯಬಾರದು. ಕಳಿಸಿದ ಮೇಲ್ ತೆರೆದು ಅದಕ್ಕೇ Reply ಒತ್ತಿದರೆ ಅದು ಮೊದಲಿನ ವಿಳಾಸಕ್ಕೇ ಹೋಗುತ್ತದೆ, ಹಳೆಯ ವಿಷಯವೂ ಕೆಳಗಿರುತ್ತದೆ. ಓದುವವರು ಹುಡುಕಬೇಕಾಗಿಲ್ಲ. ಬರೆಯಬೇಕಾದದ್ದು ಎರಡೇ ಸಾಲು: “ಮಾನ್ಯರೇ, ನಮ್ಮ ಐವರು ಪ್ರಶಿಕ್ಷಣಾರ್ಥಿಗಳಿಗೆ ಡಿಸೆಂಬರ್ 1ರಿಂದ ತಮ್ಮ ಶಾಲೆಯಲ್ಲಿ ಅವಕಾಶ ಕೋರಿ 3ರಂದು ಬರೆದಿದ್ದೆ. ಸಾಧ್ಯವೋ ಇಲ್ಲವೋ ಎಂಬುದನ್ನು 13ರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ, ಇಲ್ಲವೆಂದರೂ ಬೇಸರವಿಲ್ಲ.” ಕೊನೆಯ ಮಾತು ಮುಖ್ಯ. ಇಲ್ಲ ಎನ್ನಲು ಸಂಕೋಚಪಟ್ಟು ಸುಮ್ಮನಿರುವವರು ಬಹಳ. “ಇಲ್ಲ” ಎಂಬುದೂ ನಮಗೆ ಬೇಕಾದ ಉತ್ತರವೇ.

ನನ್ನ ಸಲಹೆ ಸಣ್ಣದು. ಅಭ್ಯಾಸ ಬೋಧನೆಯ ದಿನಚರಿಯಲ್ಲಿ ಒಂದು ಪುಟಕ್ಕೆ ನಾಲ್ಕು ಕಲಂ ಹಾಕಿಸೋಣ: ಯಾರನ್ನು ಏನು ಕೇಳಿದೆ, ಉತ್ತರ ಎಂದು ಬೇಕು, ನೆನಪು ಎಂದಿಗೆ ಇಟ್ಟೆ, ಕೇಳಿದ್ದು ಸಿಕ್ಕಿತೇ. ಪ್ರಯೋಗಾಲಯ ಬಳಸಲು ಅನುಮತಿ, ಘಟಕ ಪರೀಕ್ಷೆಯ ದಿನಾಂಕ, ಮೇಲ್ವಿಚಾರಕರು ನೋಡಿಕೊಡಬೇಕಾದ ಪಾಠ ಯೋಜನೆ, ಎಲ್ಲವೂ ಅಲ್ಲಿ ಬರಲಿ. ನಾಲ್ಕನೇ ಕಲಂ ತುಂಬುವ ಅಧಿಕಾರ ಯಂತ್ರಕ್ಕೆ ಬೇಡ, ಪ್ರಶಿಕ್ಷಣಾರ್ಥಿಯೇ ತನ್ನ ಕೈಯಾರೆ ಬರೆಯಲಿ. ಮೇಲ್ವಿಚಾರಕರಾದ ನಾವೂ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಪುಟದಲ್ಲಿ ಉತ್ತರ ಬಾಕಿ ಉಳಿಸಿಕೊಂಡವರ ಹೆಸರುಗಳಲ್ಲಿ ಒಮ್ಮೊಮ್ಮೆ ನಮ್ಮದೂ ಇರುತ್ತದೆ.