‘ಬನ್ನಿ’ಯೋ ‘ಬರ್ರಿ’ಯೋ: ಸೀರೆ ಅಂಗಡಿಯ ಜಾಹೀರಾತಿನ ಭಾಷೆ

ಮದುವೆಯ ಹಂಗಾಮು ಸಮೀಪಿಸಿದಂತೆ ಇಳಕಲ್, ಹುನಗುಂದ, ಬದಾಮಿ ಹಾಗೂ ಬಾಗಲಕೋಟೆಯ ಜವಳಿ ವರ್ತಕರು ಹಳೆಯ ಕರಪತ್ರವನ್ನೇ ಮುದ್ರಣಾಲಯಕ್ಕೆ ಕೊಟ್ಟು, ದಿನಾಂಕವನ್ನಷ್ಟೇ ಬದಲಿಸಿ ಮತ್ತೆ ಅಚ್ಚು ಹಾಕಿಸುವುದು ರೂಢಿ. ಈಚೆಗೆ ಕೆಲವರು ಭಾಷೆಯನ್ನೂ ಬದಲಿಸಲು ಮುಂದಾಗಿದ್ದಾರೆ. ಗ್ರಂಥಸ್ಥ ಕನ್ನಡವನ್ನು ಬಿಟ್ಟು ಆಡುಮಾತಿಗೆ ಬಂದರೆ ಹಳ್ಳಿಯ ಗಿರಾಕಿ ಹತ್ತಿರವಾಗುತ್ತಾನೆ ಎಂಬುದು ಅವರ ಎಣಿಕೆ. ಈ ಎಣಿಕೆ ಅರ್ಧ ಮಾತ್ರ ಸರಿ.

ಒಂದು ನಮೂನೆಯನ್ನು ತೆಗೆದುಕೊಂಡು ನೋಡಬಹುದು. ಇಳಕಲ್ ಸೀರೆಯ ಅಂಗಡಿಯೊಂದು ಸುತ್ತಲಿನ ಹಳ್ಳಿಗಳಿಂದ ಮದುವೆಯ ಜವಳಿಗಾಗಿ ಬರುವ ಕುಟುಂಬಗಳನ್ನು ಉದ್ದೇಶಿಸಿ ಹೀಗೆ ಕರಪತ್ರ ಹೊರಡಿಸುತ್ತದೆ ಎಂದಿಟ್ಟುಕೊಳ್ಳೋಣ: “ಗ್ರಾಹಕ ಮಹಾಶಯರಲ್ಲಿ ವಿಜ್ಞಾಪನೆ. ವಿವಾಹ ಮಹೋತ್ಸವದ ನಿಮಿತ್ತ ಆಕರ್ಷಕ ಅಂಚು ಹಾಗೂ ವೈವಿಧ್ಯಮಯ ವಿನ್ಯಾಸಗಳುಳ್ಳ ಇಳಕಲ್ ಸೀರೆಗಳು ಯೋಗ್ಯ ದರದಲ್ಲಿ ಲಭ್ಯ. ಒಮ್ಮೆ ಭೇಟಿ ನೀಡಿ ಸೇವೆಗೆ ಅವಕಾಶ ಕಲ್ಪಿಸಬೇಕಾಗಿ ವಿನಂತಿ.” ಇದರಲ್ಲಿ ವ್ಯಾಕರಣದೋಷವಿಲ್ಲ. ಆದರೆ ಓದಿದವರಿಗೆ ಯಾವ ಸೀರೆ ಇದೆ ಎಂಬುದು ತಿಳಿಯುವುದಿಲ್ಲ. ಇದೇ ಮಾತು ಪಾತ್ರೆಯಂಗಡಿಗೂ ಸಲ್ಲುತ್ತದೆ.

ತಿದ್ದಲು ಹೊರಗಿನವರಿಗೆ ಒಪ್ಪಿಸಿದರೆ ಬರುವ ಎರಡನೆಯ ಕರಡು ಸಾಮಾನ್ಯವಾಗಿ ಈ ಬಗೆಯದು: “ಮಗಳ ಮದುವೇನಾ? ಟೆನ್ಷನ್ ಬೇಡ. ನಮ್ಮಲ್ಲಿಗೆ ಬನ್ನಿ, ಸೂಪರ್ ಸೀರೆ ಸಿಗುತ್ತೆ!” ಇದು ಆಡುಮಾತೇ ಹೌದು, ಆದರೆ ಬೆಂಗಳೂರು–ಮೈಸೂರು ಕಡೆಯದು. ‘ಬರ್ರಿ’, ‘ಸಿಗತೈತಿ’, ‘ಚಲೋ’ ಎನ್ನುವ ಸೀಮೆಯಲ್ಲಿ ‘ಸಿಗುತ್ತೆ’ ಎಂಬುದು ಗ್ರಂಥಸ್ಥ ಕನ್ನಡಕ್ಕಿಂತಲೂ ದೂರದ್ದಾಗಿ ಕೇಳಿಸುತ್ತದೆ. ಶಾಲೆಯ ಪುಸ್ತಕದ ‘ಸಿಗುತ್ತದೆ’ ಎಲ್ಲರಿಗೂ ಸೇರಿದ್ದು. ‘ಸಿಗುತ್ತೆ’ ಬೇರೊಂದು ಊರಿನದು.

ಮೂರನೆಯ ಕರಡು ಅಂಗಡಿಯಲ್ಲೇ ಹುಟ್ಟುತ್ತದೆ: “ಯವ್ವಾ, ಬಾರಬೇ, ನಮ್ಮ ಸೀರಿ ನೋಡಬೇ!” ಗದ್ದಿಗೆಯ ಮೇಲೆ ಕುಳಿತ ಹಿರಿಯ ವರ್ತಕ ಪರಿಚಯದ ಮುದುಕಿಯನ್ನು ಹೀಗೆ ಕರೆದರೆ ಅದು ಅಕ್ಕರೆ. ಅದೇ ಮಾತು ಅಚ್ಚಾಗಿ ಅಪರಿಚಿತರ ಕೈಗೆ ಹೋದಾಗ ಏಕವಚನವಾಗಿಬಿಡುತ್ತದೆ. ಇನ್ನೊಂದು ಕಾರಣವೂ ಇದೆ. ಬನಶಂಕರಿ ಜಾತ್ರೆಯಲ್ಲಿ ಡೇರೆ ಹಾಕುವ ನಾಟಕ ಕಂಪನಿಗಳ ಪರಂಪರೆಯಲ್ಲಿ ರಾಜ ಗ್ರಂಥಸ್ಥ ಕನ್ನಡ ಆಡಿದರೆ, ಹಾಸ್ಯಪಾತ್ರದ ಬಾಯಲ್ಲಿ ಊರಮಾತು ಇರುತ್ತಿತ್ತು. ಚಲನಚಿತ್ರ, ದೂರದರ್ಶನಗಳೂ ಉತ್ತರ ಕರ್ನಾಟಕದ ಮಾತನ್ನು ಬಹುಮಟ್ಟಿಗೆ ನಗಿಸಲೆಂದೇ ಬಳಸಿಕೊಂಡವು. ಆದ್ದರಿಂದ ಪ್ರತಿ ವಾಕ್ಯವನ್ನೂ ಊರಮಾತಿನಲ್ಲಿ ಅಚ್ಚು ಹಾಕಿದರೆ, ಮಗಳ ಮದುವೆಯಂಥ ಗಂಭೀರ ಖರ್ಚಿಗೆ ಹೊರಟವರಿಗೆ ಅಂಗಡಿಯವರು ತಮ್ಮನ್ನು ಅಣಕಿಸುತ್ತಿದ್ದಾರೆಂದು ಅನ್ನಿಸುವುದು ಅಸಂಭವವಲ್ಲ. ಮೇಲಾಗಿ ಒಬ್ಬರ ‘ಐತಿ’ ಇನ್ನೊಬ್ಬರ ಮನೆಯಲ್ಲಿ ‘ಅದ’ ಆಗಿರುತ್ತದೆ. ಕ್ರಿಯಾಪದದ ತುದಿಯನ್ನು ಆರಿಸಿದೊಡನೆ ವರ್ತಕನು ಅರಿವಿಲ್ಲದೆಯೇ ಗಿರಾಕಿಗಳಲ್ಲಿ ಒಂದು ಪಂಗಡವನ್ನು ಆರಿಸಿರುತ್ತಾನೆ.

ಹಾಗಾದರೆ ಊರಮಾತು ಎಲ್ಲಿ ಬೇಕು? ವಸ್ತುವಿನ ಹೆಸರಿನಲ್ಲಿ ಬೇಕು. ಇಳಕಲ್ ಸೀರೆ ಕೊಳ್ಳುವ ಹೆಂಗಸು ‘ಅಂಚು’ ಎನ್ನುವುದಿಲ್ಲ, ‘ದಡಿ’ ಎನ್ನುತ್ತಾಳೆ. ‘ವಿನ್ಯಾಸ’ ಕೇಳುವುದಿಲ್ಲ, ಚಿಕ್ಕಿ ದಡಿಯೋ ಗೋಮಿ ದಡಿಯೋ ಎಂದು ಕೇಳುತ್ತಾಳೆ. ಸೀರೆಯ ನಡುಭಾಗ ಆಕೆಗೆ ‘ಒಡಲು’. ಕೆಂಪು ನೆಲದಲ್ಲಿ ಬಿಳಿಯ ತೆನೆ ಮೂಡಿದ ಸೆರಗು ‘ತೋಪು ತೆನಿ’. ಈ ಪದಗಳು ನೇಕಾರನಿಂದ ಗಿರಾಕಿಯವರೆಗೆ ಒಂದೇ ರೀತಿ ನಡೆದುಬರುತ್ತವೆ. ಜಾತಿ, ಊರು ಬದಲಾದರೂ ಬಹಳ ಬದಲಾಗುವುದಿಲ್ಲ. ಅಂಗಡಿಯಲ್ಲಿ ಇವುಗಳಿಲ್ಲದೆ ಮಾತೇ ಸಾಗದಿರುವಾಗ ಕರಪತ್ರದಲ್ಲಿ ಇವನ್ನು ಬಿಟ್ಟು ‘ವೈವಿಧ್ಯಮಯ ವಿನ್ಯಾಸ’ ಎಂದು ಬರೆಯುವುದು ವಿಚಿತ್ರವೇ ಸರಿ.

ಆದರೆ ಒಂದು ಕಡೆ ಬಳಕೆಯ ಮಾತು ಅಪಾಯಕಾರಿ. ಇಳಕಲ್ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿ. ಸೆರಗು, ದಡಿಗಳಿಗೆ ಶುದ್ಧ ರೇಷ್ಮೆಯನ್ನೂ ಬಳಸುತ್ತಾರೆ, ಆರ್ಟ್ ಸಿಲ್ಕನ್ನೂ ಬಳಸುತ್ತಾರೆ. ಮಾತಿನಲ್ಲಿ ಹೊಳೆಯುವುದೆಲ್ಲ ‘ರೇಷ್ಮಿ’. ಅದನ್ನೇ ಅಚ್ಚು ಹಾಕಿ ಆರ್ಟ್ ಸಿಲ್ಕ್ ಸೆರಗಿನ ಸೀರೆ ಕೊಟ್ಟರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅದು ವಸ್ತುವಿನ ಸುಳ್ಳು ವರ್ಣನೆ, ಅಂದರೆ ದಾರಿ ತಪ್ಪಿಸುವ ಜಾಹೀರಾತು. ‘ಬಣ್ಣ ಹೋದ್ರ ವಾಪಸ್ ತಗೋತೀವಿ’ ಎಂಬುದೂ ಇಂಥದೇ. ಎಷ್ಟು ದಿನದೊಳಗೆ, ತೊಳೆದ ಸೀರೆಯನ್ನೋ ತೊಳೆಯದ್ದನ್ನೋ, ಹಣವನ್ನೋ ಬದಲಿ ಸೀರೆಯನ್ನೋ? ಬಾಯಿಮಾತಿನಲ್ಲಿ ಇವನ್ನು ಎದುರೆದುರೇ ಇತ್ಯರ್ಥ ಮಾಡಿಕೊಳ್ಳಬಹುದು. ಅಚ್ಚಾದ ಮಾತಿಗೆ ಮಿತಿ ಹಾಕದಿದ್ದರೆ ಅದು ಮಿತಿಯಿಲ್ಲದ ಹೊಣೆ. ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ಬರೆಯದೆ ಹೊತ್ತುಕೊಂಡ ಸಾಲದಂತೆ. ಷರತ್ತನ್ನು ಇಂಗ್ಲಿಷಿನಲ್ಲಿ ಸಣ್ಣ ಅಕ್ಷರಗಳಲ್ಲಿ ಕೆಳಗೆ ಸೇರಿಸಿ ಪಾರಾಗುವ ದಾರಿಯೂ ಮುಚ್ಚಿದೆ: ಜಾಹೀರಾತಿನ ಭರವಸೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿ ಇರತಕ್ಕದ್ದೆಂದು 2022ರ ಮಾರ್ಗಸೂಚಿಗಳು ವಿಧಿಸಿವೆ.

ಇವೆಲ್ಲವನ್ನೂ ಗಮನಿಸಿ ತಿದ್ದಿದ ಕರಪತ್ರ ಹೀಗಿರಬಹುದು: “ಮಗಳ ಮದುವಿ ಜವಳಿಗೆ ಇಳಕಲ್ಲಿಗೇ ಬರ್ರಿ. ಚಿಕ್ಕಿ ದಡಿ, ಗೋಮಿ ದಡಿ, ತೋಪು ತೆನಿ ಸೆರಗಿನ ಕೈಮಗ್ಗದ ಸೀರೆಗಳು. ಒಡಲು ಹತ್ತಿ. ಸೆರಗು ಮತ್ತು ದಡಿ ಶುದ್ಧ ರೇಷ್ಮೆಯೋ ಆರ್ಟ್ ಸಿಲ್ಕೋ ಎಂಬುದನ್ನು ಬಿಲ್ಲಿನಲ್ಲಿ ಬರೆದುಕೊಡಲಾಗುವುದು. ಉಡದ, ತೊಳೆಯದ ಸೀರೆಯನ್ನು ಬಿಲ್ಲಿನೊಂದಿಗೆ 7 ದಿನಗಳೊಳಗೆ ತಂದರೆ ಬದಲಿ ಸೀರೆ ಕೊಡಲಾಗುವುದು.” ಕರೆಯುವ ಮಾತೊಂದು ಊರಿನದು, ಅದೂ ‘ರಿ’ ಸೇರಿದ ಮರ್ಯಾದೆಯ ರೂಪದಲ್ಲಿ, ಸರಕಿನ ಹೆಸರುಗಳು ಗಿರಾಕಿಯವು, ಹಣಕ್ಕೆ ಸಂಬಂಧಿಸಿದ ವಾಕ್ಯಗಳು ಗ್ರಂಥಸ್ಥ, ಆದರೆ ಚಿಕ್ಕವು. ಕೈಮಗ್ಗದ್ದಲ್ಲದ ಸೀರೆಯೂ ಅಂಗಡಿಯಲ್ಲಿದ್ದರೆ ಆ ಪದವನ್ನು ಎಲ್ಲ ಸೀರೆಗಳಿಗೂ ಅನ್ವಯಿಸುವಂತೆ ಬರೆಯಲಾಗದು ಎಂಬುದನ್ನು ಹೇಳಬೇಕಾಗಿಲ್ಲ.

ಅಚ್ಚಿಗೆ ಮುನ್ನ ಸುಲಭವಾದ ಪರೀಕ್ಷೆಯೊಂದಿದೆ. ಬಹಳ ಮನೆಗಳಲ್ಲಿ ಕರಪತ್ರವನ್ನು ಓದುವವಳು ಮಗಳು, ನಿರ್ಧರಿಸುವವಳು ತಾಯಿ. ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಹುಡುಗಿಯಿಂದ ಕರಡನ್ನು ಗಟ್ಟಿಯಾಗಿ ಓದಿಸಬೇಕು. ‘ವಿಜ್ಞಾಪನೆ’ಯಲ್ಲಿ ಆಕೆ ತಡವರಿಸಬಹುದು, ‘ಮಾರಾಕತ್ತೀವಿ’ ಎಂಬಲ್ಲಿಯೂ ತಡವರಿಸುತ್ತಾಳೆ. ಪ್ರತಿದಿನ ಆಡುವ ಮಾತಾದರೂ ಅದನ್ನು ಅಕ್ಷರದಲ್ಲಿ ಓದಿ ಆಕೆಗೆ ಅಭ್ಯಾಸವಿಲ್ಲ. ತಡವರಿಸಿದಲ್ಲೆಲ್ಲ ಪದ ಬದಲಿಸಬೇಕು. ಸಂತೆಯ ದಿನ ಆಟೋದಲ್ಲಿ ಧ್ವನಿವರ್ಧಕ ಕಟ್ಟಿ ಕೂಗಿಸುವುದಾದರೆ ಈ ತೊಡಕಿಲ್ಲ. ಅಲ್ಲಿ ಪೂರ್ತಿ ಊರಮಾತೇ ಒಪ್ಪುತ್ತದೆ, ಕೂಗುವವನು ಊರಿನವನೇ ಆಗಿದ್ದರೆ.

ಯಾವುದು ಹೆಚ್ಚು ಗಿರಾಕಿ ತಂದಿತೆಂದು ತಿಳಿಯಬಯಸುವವರು ಹಳೆಯದನ್ನೂ ಹೊಸದನ್ನೂ ತಲಾ 2,000 ಅಚ್ಚು ಹಾಕಿಸಿ, ಕರಪತ್ರ ತಂದವರಿಗೆ ಸಣ್ಣ ರಿಯಾಯಿತಿ ಇಟ್ಟು, ಮರಳಿ ಬಂದವನ್ನು ಎಣಿಸಬಹುದು. ಹುನಗುಂದಕ್ಕೆ ಒಂದು, ಬದಾಮಿಗೆ ಇನ್ನೊಂದು ಎಂದು ಹಂಚಿದರೆ ಊರಿನ ವ್ಯತ್ಯಾಸವೇ ಭಾಷೆಯ ವ್ಯತ್ಯಾಸದಂತೆ ಕಾಣುತ್ತದೆ. ಎರಡನ್ನೂ ಒಂದೇ ಸಂತೆಯಲ್ಲಿ, ಒಂದೇ ದಿನ ಬೆರೆಸಿ ಹಂಚಬೇಕು. 41ಕ್ಕೆ 49 ಬಂದರೆ ಅದು ಕಾಕತಾಳೀಯವೂ ಆಗಿರಬಹುದು, ಅದರ ಮೇಲೆ ತೀರ್ಮಾನ ಸಲ್ಲದು. 30ಕ್ಕೆ 60 ಬಂದರೆ ಹಳೆಯ ಕರಪತ್ರದ ಅಚ್ಚನ್ನು ಬಿಡಬಹುದು. ಅಂತರಜಾಲದ ಮೂಲಕ ಬೆಂಗಳೂರಿನಿಂದ ಕೊಳ್ಳುವವರಿಗೆ ಈ ಎಣಿಕೆ ಅನ್ವಯಿಸದು; ಅವರಿಗೆ ‘ದಡಿ’ಯ ಪಕ್ಕದಲ್ಲಿ ‘ಅಂಚು’ ಎಂದೂ ಬರೆಯಬೇಕಾಗುತ್ತದೆ.