ಪ್ರೊಫೈಲು ಮಾಡಿ ಕಾಯುವುದು ಬಿಡಿ, ನೇರ ಫೋನ್ ಹಚ್ಚಿ

ಕಳೆದ ತಿಂಗಳು ನಮ್ಮ ಜಿಲ್ಲಾ ಕೇಂದ್ರದ ಕಲ್ಯಾಣ ಮಂಟಪವೊಂದರಲ್ಲಿ ‘ಮನೆಯಲ್ಲೇ ಕೂತು ಡಾಲರ್ ಗಳಿಸಿ’ ಅಂತ ಒಂದು ದಿನದ ಶಿಬಿರ ನಡೆಯಿತು. ಫೀ ಒಂದೂವರೆ ಸಾವಿರ, ಊಟ ಸೇರಿ. ಸುದ್ದಿ ಮಾಡಲು ಹೋದ ನಾವು ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ಕೇಳಿದೆವು. ದಿನವಿಡೀ ಹೇಳಿದ್ದು ಒಂದೇ ಮಾತು: ಫ್ರೀಲ್ಯಾನ್ಸ್ ತಾಣಗಳಲ್ಲಿ ಪ್ರೊಫೈಲ್ ತೆರೆಯಿರಿ, ನಗುವ ಫೋಟೋ ಹಾಕಿ, ಗಿರಾಕಿ ತಾನಾಗಿ ಹುಡುಕಿಕೊಂಡು ಬರುತ್ತಾನೆ. ಮುಂದಿನ ಸಾಲುಗಳಲ್ಲಿ ನಮ್ಮ ಹಾಗೆಯೇ ಪತ್ರಿಕೋದ್ಯಮ ಓದಿ, ಸುದ್ದಿಗಿಷ್ಟು ಅಂತ ಸಿಗುವ ಕಾಸಿನಲ್ಲಿ ಬೈಕಿಗೆ ಪೆಟ್ರೋಲು ಹಾಕಿಸಿಕೊಳ್ಳುವ ಹುಡುಗ ಹುಡುಗಿಯರು ತಲೆಯಾಡಿಸುತ್ತಿದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇವೆ. ಕನ್ನಡದ ಕೆಲಸವನ್ನೇ ನಂಬಿಕೊಂಡವರಿಗೆ ಆ ಸಲಹೆ ತಪ್ಪು.

ನಮ್ಮ ಬಳಗದ ಒಬ್ಬ ಗೆಳತಿಯ ಲೆಕ್ಕದ ಪುಸ್ತಕ ನಮ್ಮ ಮುಂದಿದೆ. ಆಕೆ 2024ರಲ್ಲಿ ಅಂಥ ಒಂದು ತಾಣದಲ್ಲಿ ಐದು ತಿಂಗಳು ಕೆಲಸ ಹುಡುಕಿದಳು. ಕನ್ನಡ ಆಡಿಯೋ ಕೇಳಿ ಟೈಪು ಮಾಡುವುದು, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ಆಕೆಯ ಕಸುಬು. ಅಲ್ಲಿ ಅರ್ಜಿ ಹಾಕುವುದಕ್ಕೂ ದುಡ್ಡು ಕೊಡಬೇಕು. ಆರಂಭದಲ್ಲಿ ಸಿಕ್ಕ ಉಚಿತ ಅರ್ಜಿಗಳು ಮುಗಿದ ಮೇಲೆ 26 ಅರ್ಜಿ ಹಾಕಿದಳು, ಒಂದಕ್ಕೆ ಸರಾಸರಿ ಒಂದೂವರೆ ಡಾಲರ್. ಒಟ್ಟು 39 ಡಾಲರ್, ಆಗಿನ ದರದಲ್ಲಿ ಸುಮಾರು 3,200 ರೂಪಾಯಿ ಕೈಯಿಂದ ಹೋಯಿತು. ಸಿಕ್ಕಿದ್ದು ಎರಡು ಕೆಲಸ, 15 ಡಾಲರಿನದು ಒಂದು, 20ರದು ಇನ್ನೊಂದು. ಅದರಲ್ಲಿ ತಾಣದ ಕಮಿಷನ್ ಶೇ 10 ಹೋಗಿ ಉಳಿದದ್ದು 31 ಡಾಲರ್ ಚಿಲ್ಲರೆ, ಅಂದರೆ 2,600 ರೂಪಾಯಿ. ಐದು ತಿಂಗಳು ದುಡಿದು 600 ರೂಪಾಯಿ ಮೈಮೇಲೆ. ಕಮಿಷನ್ ಎಲ್ಲ ಕಡೆ ಒಂದೇ ಇಲ್ಲ. ಫೈವರ್ ಎಂಬ ತಾಣದಲ್ಲಿ ಗಳಿಸಿದ ನೂರಕ್ಕೆ ಇಪ್ಪತ್ತು ಅವರಿಗೆ.

ಹಾಗಂತ ಕಮಿಷನ್ನಿನ ಮೇಲೆ ನಮ್ಮ ಸಿಟ್ಟಿಲ್ಲ. ಅಂಗಡಿ ಹಾಕಲು ಜಾಗ ಕೊಟ್ಟವನು ಬಾಡಿಗೆ ಕೇಳಿಯೇ ಕೇಳುತ್ತಾನೆ. ತಕರಾರಿರುವುದು ಬೇರೆ ಕಡೆ. ಆಕೆಗೆ ಸಿಕ್ಕ ಎರಡೂ ಕೆಲಸ ಕೊಟ್ಟವರು ಮೂಲ ಗಿರಾಕಿಗಳಲ್ಲ, ಅನುವಾದದ ಏಜೆನ್ಸಿಗಳು. ಯಾವುದೋ ಸಂಸ್ಥೆ ಏಜೆನ್ಸಿಗೆ ಕೊಟ್ಟ ಕೆಲಸವನ್ನು ಏಜೆನ್ಸಿ ತಾಣಕ್ಕೆ ಹಾಕಿತು, ಅಲ್ಲಿಂದ ನಮ್ಮ ಗೆಳತಿಗೆ ಬಂತು. ಆಕೆ ಚೆನ್ನಾಗಿ ಮಾಡಿದಳು ಎಂಬುದು ಆ ಸಂಸ್ಥೆಗೆ ಇವತ್ತಿಗೂ ಗೊತ್ತಿಲ್ಲ. ಹೆಸರು ಬರಬೇಕಾದ ಕಡೆ ಬರದಿದ್ದರೆ ಎರಡನೇ ಕೆಲಸ ಹೇಗೆ ಬಂದೀತು?

ಇನ್ನೊಂದು ಸಂಗತಿ. ಆ ತಾಣಗಳಲ್ಲಿ ಭಾಷೆ ತುಂಬುವ ಜಾಗಕ್ಕೆ ಹೋದರೆ ‘ಕನ್ನಡ’ ಅಂತ ಒಂದೇ ಆಯ್ಕೆ. ವಿಜಯಪುರದ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡ ಎಲ್ಲಾ ಅಲ್ಲಿ ಒಂದೇ ತಕ್ಕಡಿ. ಆಗ ಉಳಿಯುವುದು ಯಾರು ಕಡಿಮೆ ದುಡ್ಡಿಗೆ ಮಾಡುತ್ತಾರೆ ಎಂಬ ಪ್ರಶ್ನೆ ಮಾತ್ರ. ನಮ್ಮ ಹತ್ತಿರ ಇರುವ, ಪಟ್ಟಣದವರ ಹತ್ತಿರ ಇಲ್ಲದ ಬಂಡವಾಳವೇ ಅಲ್ಲಿ ಕಾಣದಾಗುತ್ತದೆ.

ಆ ಬಂಡವಾಳ ಏನು ಅಂತ ಒಂದು ಉದಾಹರಣೆ ಕೊಡುತ್ತೇವೆ. ನಮ್ಮ ಕಡೆಯ ರೈತರೊಬ್ಬರ ಸಂದರ್ಶನದ ಟೈಪಾದ ಪ್ರತಿ ಒಮ್ಮೆ ನಮ್ಮ ಕೈಗೆ ಬಂತು. ಆಡಿಯೋದಲ್ಲಿ ಅವರು ಹೇಳಿದ್ದು ಹೀಗೆ: ‘ನಾಕ್ ಎಕರೆ ಲಾವಣಿ ಹಾಕ್ಕೊಂಡೇನ್ರಿ, ತೊಗರಿ ರಾಶಿ ಆದಮ್ಯಾಲೆ ರೊಕ್ಕ ಕೊಡ್ತೇನಿ.’ ನಮ್ಮ ಕಡೆ ಲಾವಣಿ ಅಂದರೆ ಹೊಲವನ್ನು ಗುತ್ತಿಗೆಗೆ ಹಿಡಿಯುವುದು, ರಾಶಿ ಅಂದರೆ ಒಕ್ಕಣೆ. ಟೈಪು ಮಾಡಿದವರಿಗೆ ಲಾವಣಿ ಅಂದರೆ ಹಾಡು ಮಾತ್ರ ಗೊತ್ತು. ಆ ಪದದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ‘ನಾಲ್ಕು ಎಕರೆ ಇದೆ, ತೊಗರಿ ರಾಶಿ ಇದೆ’ ಅಂತ ಬರೆದುಬಿಟ್ಟಿದ್ದರು. ಬೇರೆಯವರ ಹೊಲ ಮಾಡುವ ರೈತ ಕಾಗದದ ಮೇಲೆ ನಾಲ್ಕು ಎಕರೆಯ ಮಾಲೀಕನಾದ! ಪಹಣಿಯಲ್ಲಿ ಹೆಸರಿಲ್ಲದೆ ಪರಿಹಾರಕ್ಕೆ ಪರದಾಡುವವರ ಕಷ್ಟ ತಿಳಿಯಲೆಂದು ಮಾಡುವ ಅಧ್ಯಯನದಲ್ಲಿ ಇಂಥ ತಪ್ಪು ನುಸುಳಿದರೆ ಇಡೀ ಅಧ್ಯಯನವೇ ಅಡ್ಡದಾರಿ ಹಿಡಿಯುತ್ತದೆ.

ಆ ತಪ್ಪನ್ನು ಹಿಡಿಯಬಲ್ಲವರು ನಾವು. ಆದರೆ ಅದನ್ನು ಪ್ರೊಫೈಲಿನಲ್ಲಿ ಬರೆದು ಕಾದರೆ ಪ್ರಯೋಜನವಿಲ್ಲ. ಬೇಕಾದವರಿಗೆ ಹೋಗಿ ತೋರಿಸಬೇಕು.

ಗೆಳತಿ ಆಮೇಲೆ ಮಾಡಿದ್ದು ಅದನ್ನೇ. ನಮ್ಮ ಭಾಗದ ಹಳ್ಳಿಗಳಲ್ಲಿ ಸಮೀಕ್ಷೆ, ಸಂದರ್ಶನ ಮಾಡಿದ ಸಂಸ್ಥೆಗಳ ವರದಿಗಳನ್ನು ಫೋನಿನಲ್ಲೇ ಇಳಿಸಿಕೊಂಡಳು. ವರದಿಯ ಮೊದಲ ಪುಟಗಳಲ್ಲಿ ಕೃತಜ್ಞತೆ ಅಂತ ಇರುತ್ತದಲ್ಲ, ಅದನ್ನು ನಾವ್ಯಾರೂ ಓದುವುದಿಲ್ಲ. ಆಕೆ ಓದಿದಳು. ಕ್ಷೇತ್ರಕಾರ್ಯ ಯಾರು ನೋಡಿಕೊಂಡರು, ಆಡಿಯೋ ಟೈಪು ಮಾಡಿದವರು ಯಾರು ಎಂಬುದು ಎಷ್ಟೋ ಸಲ ಅಲ್ಲೇ ಇರುತ್ತದೆ. ನಿರ್ದೇಶಕರಿಗೆ ಬರೆದರೆ ಉತ್ತರ ಬರುವುದು ಕಷ್ಟ, ಬಿಡುವಿಲ್ಲದ ಕ್ಷೇತ್ರ ಸಂಯೋಜಕರಿಗೆ ಬರೆದರೆ ಬರುತ್ತದೆ, ಏಕೆಂದರೆ ಅರ್ಥವಾಗದ ಆಡಿಯೋ ಇಟ್ಟುಕೊಂಡು ಕೂತವರು ಅವರೇ. ಹೀಗೆ 18 ಹೆಸರುಗಳಾದವು.

ಆಮೇಲೆ ಮಾದರಿ. ತನ್ನ ಸೋದರಮಾವನನ್ನು ಕೇಳಿ, ಒಪ್ಪಿಗೆ ಪಡೆದು, ಬಿತ್ತನೆ ಬಗ್ಗೆ ಐದು ನಿಮಿಷದ ಮಾತು ರೆಕಾರ್ಡ್ ಮಾಡಿದಳು. ಒಂದೇ ಪುಟದಲ್ಲಿ ಎಡಗಡೆ ಆಡಿದ ಮಾತು ಆಡಿದಂತೆಯೇ, ಬಲಗಡೆ ಅದರ ಇಂಗ್ಲಿಷ್, ಕೆಳಗೆ ಎಡೆ ಹೊಡೆಯುವುದು, ಕೂರಿಗೆ, ಲಾವಣಿ, ರಾಶಿ ಇಂಥ ಪದಗಳಿಗೆ ಒಂದೊಂದು ಸಾಲಿನ ಅರ್ಥ. ಜೊತೆಗೆ ಕಳಿಸಿದ ಮೇಲ್ ಇಷ್ಟೇ:

‘ನಮಸ್ಕಾರ ಮೇಡಂ. ನಿಮ್ಮ ಗುತ್ತಿಗೆ ರೈತರ ವರದಿ ಓದಿದೆ. ನಾನು ಇದೇ ಜಿಲ್ಲೆಯವಳು, ಇಲ್ಲಿಯ ಮಾತು ಕೇಳಿ ಬರೆಯುವ ಕೆಲಸ ಮಾಡುತ್ತೇನೆ. ಒಂದು ಪುಟದ ಮಾದರಿ ಲಗತ್ತಿಸಿದ್ದೇನೆ. ಆಡಿಯೋದ ನಿಮಿಷಕ್ಕೆ 25 ರೂಪಾಯಿ. ವಾರಕ್ಕೆ ನಾಲ್ಕು ಗಂಟೆಯ ಆಡಿಯೋ ಮುಗಿಸಬಲ್ಲೆ. ಮುಂದಿನ ಸೋಮವಾರ ಒಮ್ಮೆ ಫೋನ್ ಮಾಡುತ್ತೇನೆ.’

ಬಿಎ, ಡಿಪ್ಲೊಮಾ, ಬಾಲ್ಯದಿಂದಲೂ ಬರವಣಿಗೆಯಲ್ಲಿ ಆಸಕ್ತಿ, ಇವ್ಯಾವೂ ಅದರಲ್ಲಿಲ್ಲ. ಹೇಳಿದ ದಿನ ಫೋನ್ ಮಾಡಿದಳು. ಹದಿನೆಂಟರಲ್ಲಿ ಹನ್ನೊಂದು ಕಡೆಯಿಂದ ಸದ್ದೇ ಇಲ್ಲ. ನಾಲ್ವರು ‘ಸದ್ಯ ಕೆಲಸವಿಲ್ಲ’ ಅಂದರು, ಅವರ ಹೆಸರಿನ ಮುಂದೆ ಮೂರು ತಿಂಗಳ ನಂತರದ ತಾರೀಕು ಬರೆದುಕೊಂಡಳು. ಇಬ್ಬರು ಹತ್ತು ನಿಮಿಷದ ಪರೀಕ್ಷೆ ಕೊಟ್ಟರು. ಒಬ್ಬರು 14 ಗಂಟೆಯ ಆಡಿಯೋ ಕೊಟ್ಟರು. 840 ನಿಮಿಷ, 21,000 ರೂಪಾಯಿ. ಒಂದು ಗಂಟೆಯ ಆಡಿಯೋಗೆ ಆಕೆಗೆ ಐದು ಗಂಟೆ ಹಿಡಿಯಿತು, ಒಟ್ಟು 70 ಗಂಟೆ. ತಾಸಿಗೆ 300 ರೂಪಾಯಿ ಬಿತ್ತು. ಅದೇ ಸಂಯೋಜಕರು ಮುಂದೆ ಬೇರೆ ಸಂಸ್ಥೆಗೆ ಹೋದರು, ಹೋಗುವಾಗ ಇವಳ ನಂಬರನ್ನೂ ಒಯ್ದರು. ಈಗ ಎರಡೂ ಕಡೆಯಿಂದ ಕೆಲಸ ಬರುತ್ತಿದೆ. ತಾಣದಲ್ಲಿ ಗಳಿಸಿದ ಐದು ಸ್ಟಾರು ತಾಣದಲ್ಲೇ ಉಳಿಯುತ್ತವೆ. ಖಾತೆ ಬಂದ್ ಆದ ದಿನ ಅವೂ ಇಲ್ಲ.

ಈಗ ನೇರ ದಾರಿಯ ಕಲ್ಲುಮುಳ್ಳು. ದೊಡ್ಡದು ದುಡ್ಡಿನದೇ. ತಾಣದಲ್ಲಿ ಒಂದು ಮೊತ್ತಕ್ಕೆ ಗೊತ್ತುಮಾಡಿದ ಕೆಲಸವಾದರೆ ಗಿರಾಕಿ ಮುಂಚೆಯೇ ಹಣ ಕಟ್ಟಿರುತ್ತಾನೆ, ಅದು ತಾಣದ ಬಳಿ ಭದ್ರ. ಇದು ಅವುಗಳ ನಿಜವಾದ ಗುಣ, ಇಲ್ಲ ಅನ್ನುವುದಿಲ್ಲ. ನೇರ ಕೆಲಸದಲ್ಲಿ ‘ಅಕೌಂಟ್ಸಿನವರು ರಜೆಯಲ್ಲಿದ್ದಾರೆ’ ಎಂಬ ಮಾತು ಕೇಳುತ್ತಾ ಎರಡು ತಿಂಗಳು ಕಾದವರಲ್ಲಿ ನಾವೂ ಇದ್ದೇವೆ. ಅದಕ್ಕೆ ಎಷ್ಟು ಕೆಲಸ, ಎಷ್ಟು ದರ, ಎಂದಿಗೆ ಹಣ ಎಂಬುದು ಮೇಲ್‌ನಲ್ಲಿ ಬರುವವರೆಗೆ ಆಡಿಯೋ ತೆರೆಯಬೇಡಿ. ಹೊಸಬರಿಂದ ಮೂರನೇ ಒಂದು ಪಾಲು ಮುಂಗಡ ಕೇಳಿ. ಕೆಲಸ ಒಪ್ಪಿಕೊಳ್ಳುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಆಧಾರ್ ಮತ್ತು ಪ್ಯಾನ್ ಸಾಕು, udyamregistration.gov.in ತಾಣದಲ್ಲಿ ಉಚಿತ. ಅದೇ ರೀತಿ ಕಾಣುವ ಖಾಸಗಿ ತಾಣಗಳು ಫೀ ಕೇಳುತ್ತವೆ, ಕೊಡಬೇಡಿ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಬರಹದ ಒಪ್ಪಂದವಿದ್ದರೂ 45 ದಿನ ಮೀರಿಸುವಂತಿಲ್ಲ, ಮೀರಿದರೆ ಬಡ್ಡಿ ಸೇರಿಸಿ ಕೊಡಬೇಕು. ನ್ಯಾಯಕ್ಕೆ ಓಡಾಡುವ ಮಾತು ಆಮೇಲೆ, ಬಿಲ್ಲಿನ ತುದಿಯಲ್ಲಿ ಉದ್ಯಮ್ ನಂಬರು ಕಂಡರೇ ಅಕೌಂಟ್ಸಿನವರು ರಜೆಯಿಂದ ಬೇಗ ವಾಪಸಾಗುತ್ತಾರೆ.

ಇನ್ನು ತಾಣದಲ್ಲೇ ಸಿಕ್ಕ ಗಿರಾಕಿಯನ್ನು ಮೆಲ್ಲಗೆ ಹೊರಗೆ ಕರೆದೊಯ್ಯುವ ಉಪಾಯವನ್ನೂ ಆ ಶಿಬಿರದಲ್ಲಿ ಹೇಳಿಕೊಟ್ಟರು. ಮಾಡಬೇಡಿ. ಅಪ್‌ವರ್ಕ್‌ನ ನಿಯಮದಲ್ಲಿ ಎರಡು ವರ್ಷದವರೆಗೆ ಅದು ನಿಷಿದ್ಧ, ಮಾಡಬೇಕಿದ್ದರೆ ಶುಲ್ಕ ಕಟ್ಟಬೇಕು. ವಿಡಿಯೋ ಎಡಿಟಿಂಗ್, ಕೋಡಿಂಗ್ ಮಾಡುವವರಿಗೆ, ಗಿರಾಕಿ ಯಾವ ದೇಶದವನಾದರೂ ಆಗಬಹುದಾದವರಿಗೆ, ತಾಣವೇ ಸರಿ. ಗುರುತಿಲ್ಲದ ವಿದೇಶಿ ಗಿರಾಕಿಯ ಬೆನ್ನು ಹತ್ತಿ ನಾವು ಎಲ್ಲಿಗೆ ಹೋಗೋಣ?

ಕೊನೆಗೆ, ನಮ್ಮಂಥ ವರದಿಗಾರರಿಗೇ ಅಂಟಿದ ಎರಡು ತೊಡಕು. ಆಡಿಯೋದಲ್ಲಿ ಮಾತಾಡುವವರು ನಮ್ಮ ಅಕ್ಕಪಕ್ಕದ ಊರಿನವರು. ಸಾಲ ಎಷ್ಟು, ಗಂಡ ಹೊಡೆಯುತ್ತಾನಾ, ಯಾವ ಕಾಯಿಲೆ, ಎಲ್ಲವನ್ನೂ ಅವರು ನಂಬಿ ಹೇಳಿರುತ್ತಾರೆ. ದನಿ ಕೇಳಿದರೆ ಯಾರೆಂದು ನಮಗೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ಸ್ವಂತ ಊರಿನ ಆಡಿಯೋ ಬೇಡ ಅಂತ ಮೊದಲೇ ಹೇಳಬೇಕು, ಕೆಲಸ ಮುಗಿದ ಮೇಲೆ ಫೈಲು ಅಳಿಸಿ ಅಳಿಸಿದ್ದೇನೆಂದು ಬರೆದು ತಿಳಿಸಬೇಕು, ಅಲ್ಲಿ ಕೇಳಿದ್ದನ್ನು ಎಷ್ಟೇ ದೊಡ್ಡ ಸುದ್ದಿಯಾದರೂ ಪತ್ರಿಕೆಗೆ ಕೊಡಬಾರದು. ಒಂದು ಸಲ ಕೊಟ್ಟರೆ ಆ ಹಳ್ಳಿಯಲ್ಲಿ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ, ನಮಗೂ ಆಡಿಯೋ ಬರುವುದಿಲ್ಲ.

ಎರಡನೆಯದು, ನಾವು ಸುದ್ದಿ ಬರೆಯುವ ಕಚೇರಿ, ಆಸ್ಪತ್ರೆ, ಕಾರ್ಖಾನೆ, ಶಾಸಕರ ಕಡೆಯವರಿಂದ ಇಂಥ ಕೆಲಸ ಹಿಡಿಯುವುದು. ನೇರವಾಗಿ ಕೇಳಲು ಹೊರಟಾಗ ಮೊದಲು ಕಣ್ಣಿಗೆ ಬೀಳುವವರೇ ಅವರು, ಯಾಕೆಂದರೆ ಪರಿಚಯದವರು. ಕಳೆದ ವರ್ಷ ನಮ್ಮ ತಾಲ್ಲೂಕಿನ ಒಂದು ಕಾರ್ಖಾನೆಯವರು ಕರಪತ್ರ ಬರೆದುಕೊಡಿ ಅಂತ ಕೇಳಿದರು. ತಿಂಗಳಿಗೆ ಎಂಟು ಸಾವಿರ ಅಂದರು. ಅದರ ಕೊಳೆನೀರಿನ ಸುದ್ದಿ ಬರೆದವರು ನಾವೇ. ಎರಡು ದಿನ ನಿದ್ದೆ ಬರಲಿಲ್ಲ, ನಿಜ ಹೇಳುತ್ತೇವೆ. ಮೂರನೇ ದಿನ ಫೋನ್ ಮಾಡಿ ಆಗುವುದಿಲ್ಲ ಅಂದೆವು. ಆ ಹದಿನೆಂಟು ಹೆಸರುಗಳಲ್ಲಿ ನಮ್ಮ ತಾಲ್ಲೂಕಿನದು ಒಂದೂ ಇರಲಿಲ್ಲ.